ಎರಡು ಸೆಂಟಿಮೀಟರ್ ದೊಡ್ಡ ಬಾಕ್ಸ್, ಮತ್ತೆ ಕೇಳಬೇಕಾದ ಕೊಟೇಶನ್

ಸಪ್ಲೈಯರ್ ಪ್ಯಾಕಿಂಗ್ ಬದಲಿಸಿದಾಗ ನಮಗೆ ಹೇಳೋ ಮೊದಲ ಮಾತು "ರೇಟಲ್ಲಿ ಏನೂ ಚೇಂಜ್ ಇಲ್ಲ" ಅಂತ. ಅದು ಸುಳ್ಳಲ್ಲ. ಅವರ ಕಡೆಯಿಂದ ನೋಡಿದ್ರೆ ಪೀಸಿನ ಬೆಲೆ ಅದೇ ಇರುತ್ತೆ, ಇನ್ವಾಯ್ಸೂ ಅದೇ ಇರುತ್ತೆ. ಆದ್ರೆ ಮಾಲು ನಮ್ಮ ಗೇಟಿಗೆ ಬಂದು ನಿಂತಾಗ ಒಂದು ಪೀಸಿಗೆ ಒಟ್ಟು ಎಷ್ಟು ಬಿತ್ತು ಅನ್ನೋದು ಬೇರೆ ಲೆಕ್ಕ, ಆ ಲೆಕ್ಕ ಅವರ ಸಿಸ್ಟಮ್ಮಲ್ಲಿ ಎಲ್ಲೂ ಕಾಣಲ್ಲ. ಕಾಣೋದು ನಮಗೆ ಮಾತ್ರ, ಅದೂ ಫ್ರೇಟ್ ಬಿಲ್ ಬಂದಮೇಲೆ. ಬಿಲ್ ಬಂದಮೇಲೆ ಕೇಳೋದಕ್ಕೂ ಮಾಲು ಹೊರಡೋ ಮೊದಲೇ ಹೊಸ ಕೊಟೇಶನ್ ಕೇಳೋದಕ್ಕೂ ಇರೋ ವ್ಯತ್ಯಾಸದ ಬಗ್ಗೆ ಈ ಬರಹ.

ನಾನು ಧಾರವಾಡದವಳು, ಪುಣೆ ಭೋಸರಿ ಎಂಐಡಿಸಿಯ ಒಂದು ಕಂಪನಿಯ ಪರ್ಚೇಸಲ್ಲಿ ಕೆಲಸ. ನಾವು ಮಾಡೋ ಮಷೀನಿಗೆ ಬೇಕಾದ ಸಣ್ಣ ಸೊಲೆನಾಯ್ಡ್ ವಾಲ್ವ್‌ಗಳನ್ನ ಜರ್ಮನಿಯಿಂದ ತರಿಸ್ತೀವಿ. ಹ್ಯಾಂಬರ್ಗ್‌ನಿಂದ ಮುಂಬೈ ಹತ್ರದ ನಾವಾ ಶೇವಾ ಬಂದರಿಗೆ ಹಡಗಲ್ಲಿ ಬರುತ್ತೆ, ಪೂರ್ತಿ ಕಂಟೇನರ್ ತುಂಬೋವಷ್ಟು ಇರಲ್ಲ, ಅದಕ್ಕೆ ಎಲ್‌ಸಿಎಲ್, ಅಂದ್ರೆ ನಾಲ್ಕಾರು ಜನರ ಮಾಲಿನ ಜೊತೆ ನಮ್ಮ ಪ್ಯಾಲೆಟ್ಟೂ ಒಂದೇ ಕಂಟೇನರಲ್ಲಿ ಕೂತು ಬರುತ್ತೆ. ಟರ್ಮು ಎಫ್‌ಸಿಎ. ನಮ್ಮ ಪರವಾಗಿ ಸಾಗಣೆ ನೋಡ್ಕೊಳ್ಳೋ ಫಾರ್ವರ್ಡರ್ ಕೈಗೆ ಮಾಲು ಒಪ್ಪಿಸಿದ್ರೆ ಸಪ್ಲೈಯರ್ ಜವಾಬ್ದಾರಿ ಮುಗೀತು, ಅಲ್ಲಿಂದ ಬಾಡಿಗೆ ನಮ್ಮದು. ಈ ಟರ್ಮಿನ ಕಾರಣಕ್ಕೇ ಪ್ಯಾಕಿಂಗ್ ದೊಡ್ಡದಾದ್ರೆ ಅದರ ಖರ್ಚು ಅವರಿಗೆ ತಟ್ಟೋದೇ ಇಲ್ಲ.

ಈ ಸಲ ಡಿಸ್ಪ್ಯಾಚಿಗೆ ಮೊದಲು ಕಳಿಸೋ ಡ್ರಾಫ್ಟ್ ಪ್ಯಾಕಿಂಗ್ ಲಿಸ್ಟ್ ಬಂತು. ಪೀಸು ಅಷ್ಟೇ, 6144. ಬಾಕ್ಸು ಅಷ್ಟೇ, 256, ಒಂದೊಂದರಲ್ಲಿ 24 ಪೀಸು. ಪ್ಯಾಲೆಟ್ 8, ಅದೂ ಅಷ್ಟೇ. ತೂಕ ಹತ್ತತ್ರ 3 ಟನ್ನು, ಅದರಲ್ಲೂ ಹೇಳ್ಕೊಳ್ಳೋವಂಥ ಫರಕಿಲ್ಲ. ಸಿಬಿಎಂ, ಅಂದ್ರೆ ಮಾಲು ಎಷ್ಟು ಘನ ಮೀಟರ್ ಜಾಗ ತಿನ್ನುತ್ತೆ ಅನ್ನೋ ಕಾಲಮ್ಮಲ್ಲಿ ಮಾತ್ರ 8.95 ಅಂತ ಇತ್ತು, ಹಿಂದಿನ ಶಿಪ್‌ಮೆಂಟಿಗೆ ಫಾರ್ವರ್ಡರ್ ಬಿಲ್ ಮಾಡಿದ್ದು 8.48. ನೋಡಿದವರಿಗೆ ಒಂದು ಐದು ಪರ್ಸೆಂಟ್ ಜಾಸ್ತಿ ಆಗಿದೆ ಬಿಡು ಅನ್ಸುತ್ತೆ. ಆದ್ರೆ ಈ ಎರಡು ನಂಬರನ್ನ ಪಕ್ಕಪಕ್ಕ ಇಡೋ ಹಾಗೇ ಇಲ್ಲ. ಪ್ಯಾಕಿಂಗ್ ಲಿಸ್ಟಿನ 8.95 ಅನ್ನೋದು ಬಾಕ್ಸಿನ ಅಳತೆಯನ್ನ 256ರಿಂದ ಗುಣಿಸಿದ್ದು. ಬಿಲ್ಲಿನ 8.48 ಅನ್ನೋದು ಪ್ಯಾಲೆಟ್ ಮೇಲೆ ಜೋಡಿಸಿ, ಕೆಳಗಿನ ಮರವನ್ನೂ ಸೇರಿಸಿ, ಹೊರಗಿಂದ ಟೇಪ್ ಹಿಡಿದು ಅಳೆದಿದ್ದು. ಹಡಗಿನವರು ದುಡ್ಡು ತಗೊಳ್ಳೋದು ಎರಡನೇದಕ್ಕೆ. ಬಾಕ್ಸು ಬಾಕ್ಸಿನ ನಡುವೆ ಉಳಿದ ಖಾಲಿ ಜಾಗಕ್ಕೂ, ಪ್ಯಾಲೆಟ್ಟಿನ ಅಂಚಲ್ಲಿ ಉಳಿದ ಜಾಗಕ್ಕೂ ನಾವೇ ಬಾಡಿಗೆ ಕಟ್ಟಬೇಕು.

ಹಂಗಾಗಿ ಸಪ್ಲೈಯರಿಗೆ ಮೊದಲು ಹಾಕಿದ ಇಮೇಲಲ್ಲಿ ರೇಟಿನ ಮಾತೇ ಎತ್ತಲಿಲ್ಲ. ಬಾಕ್ಸಿನ ಹೊರ ಅಳತೆ ಎಷ್ಟು, ಮಾಲು ತುಂಬಿದ ಪ್ಯಾಲೆಟ್ಟಿನ ಉದ್ದ ಅಗಲ ಎತ್ತರ ಮರ ಸೇರಿ ಎಷ್ಟು, ಒಂದರ ಮೇಲೊಂದು ಇಡಬಹುದಾ ಇಲ್ವಾ, ಇಷ್ಟೇ ಕೇಳಿದ್ದು, ಜೊತೆಗೆ ಟೇಪ್ ಹಿಡಿದ ಫೋಟೋ. ಉತ್ತರ ಮರುದಿನವೇ ಬಂತು, ಅದರಲ್ಲಿ ಎಲ್ಲಾ ಇತ್ತು.

ಹಳೇ ಬಾಕ್ಸು 400×300 ಮಿಲಿಮೀಟರ್ ತಳ, 240 ಎತ್ತರ. ಹೊಸದು 420×320, ಎತ್ತರ 260. ಪ್ರತಿ ಕಡೆ ಬರೀ 2 ಸೆಂಟಿಮೀಟರ್. ಯಾಕೆ ಅಂದ್ರೆ ಒಳಗೆ ಇದ್ದ ಥರ್ಮಾಕೋಲ್ ತೆಗೆದು ಕಾಗದದ ಪಲ್ಪಿನ ಟ್ರೇ ಹಾಕಿದಾರೆ, ನಾವು ಮೊಟ್ಟೆ ತರ್ತೀವಲ್ಲ ಅಂಥದೇ ಟ್ರೇ, ಇನ್ನಷ್ಟು ಗಟ್ಟಿ. ಪಲ್ಪಿನ ಟ್ರೇ ಅಚ್ಚಿಂದ ಬಿಟ್ಟು ಬರಬೇಕು ಅಂದ್ರೆ ಪ್ರತಿ ಗುಳಿಯ ಗೋಡೆ ಸ್ವಲ್ಪ ಓರೆ ಇರಬೇಕು, ಗೋಡೆಗೆ ದಪ್ಪಾನೂ ಬೇಕು, ಹಂಗಾಗಿ ಎರಡು ವಾಲ್ವಿನ ನಡುವಿನ ಅಂತರ ಹೆಚ್ಚಾಗುತ್ತೆ. ಅವರು ಯಾಕೆ ಬದಲಿಸಿದ್ರು ಅನ್ನೋದೂ ನನಗೆ ಅರ್ಥ ಆಗುತ್ತೆ. ಯುರೋಪಲ್ಲಿ 2025/40 ನಂಬರಿನ ಹೊಸ ಪ್ಯಾಕೇಜಿಂಗ್ ಕಾನೂನು 2025ರ ಫೆಬ್ರವರಿಯಲ್ಲಿ ಜಾರಿಗೆ ಬಂದಿದೆ, 2026ರ ಆಗಸ್ಟ್ 12ರಿಂದ ಅನ್ವಯ ಆಗುತ್ತೆ, ಎಲ್ಲರೂ ಮುಂಚಿತವಾಗೇ ಪ್ಲಾಸ್ಟಿಕ್ ಕಡಿಮೆ ಮಾಡ್ಕೊತಿದಾರೆ. ನಮ್ಮ ಸ್ಟೋರಲ್ಲೂ ಆ ಥರ್ಮಾಕೋಲ್ ಗುಡ್ಡೆ ಬೀಳ್ತಿತ್ತು, ರದ್ದಿಯವನೂ ತಗೊಳ್ತಿರಲಿಲ್ಲ. ಟ್ರೇ ಬದಲಿಸಿದ್ದು ಒಳ್ಳೇದೇ ಅಂತ ನನ್ನ ಅಭಿಪ್ರಾಯ, ಅದನ್ನ ಅವರಿಗೂ ಮೊದಲೇ ಹೇಳಿಬಿಟ್ಟೆ. ನಮ್ಮ ತಕರಾರು ಟ್ರೇ ಮೇಲಲ್ಲ, ಹೊರಗಿನ ಬಾಕ್ಸಿನ ತಳದ ಮೇಲೆ.

ಯಾಕಂದ್ರೆ 400×300 ಅನ್ನೋದು ಸುಮ್ನೆ ಯಾರೋ ಹಾಕಿದ ಅಳತೆ ಅಲ್ಲ. ಯೂರೋ ಪ್ಯಾಲೆಟ್ 1200×800. ಅದರ 800 ಕಡೆಗೆ 400ರ ಎರಡು, 1200 ಕಡೆಗೆ 300ರ ನಾಲ್ಕು, ಒಂದು ಪದರಕ್ಕೆ 8 ಬಾಕ್ಸು, ಒಂದು ಇಂಚೂ ವೇಸ್ಟಿಲ್ಲ. ನಾಲ್ಕು ಪದರ ಅಂದ್ರೆ 32 ಬಾಕ್ಸು. ಈಗ 420×320ರ ಬಾಕ್ಸನ್ನ ಅದೇ ಪ್ಯಾಲೆಟ್ ಮೇಲೆ ಹೆಂಗೆ ತಿರುಗಿಸಿ ಇಟ್ರೂ ಒಂದು ಪದರಕ್ಕೆ 6 ಮಾತ್ರ ಕೂರುತ್ತೆ (ನಾನು ಕಾಗದದ ತುಂಡು ಕತ್ತರಿಸಿ ಟೇಬಲ್ ಮೇಲೆ ಜೋಡಿಸಿ ನೋಡಿದೆ, ಸಾಫ್ಟ್‌ವೇರ್ ಇದ್ರೂ ನನಗೆ ಈ ಥರ ನೋಡಿದ್ರೇನೇ ನಂಬಿಕೆ). 2 ಸೆಂಟಿಮೀಟರಿಗೆ 8 ಇದ್ದಿದ್ದು 6 ಆಗುತ್ತೆ. ಸಪ್ಲೈಯರ್ ಕಡೆಯ ಪ್ಯಾಕಿಂಗಿನವರು ಇದನ್ನ ನೋಡಿಯೇ ಪ್ಯಾಲೆಟ್ಟನ್ನೂ 1200×1000ಕ್ಕೆ ಬದಲಿಸಿದ್ರು. ಅದರ ಮೇಲೆ ಆರು ಬಾಕ್ಸು ಒಂದು ದಿಕ್ಕಲ್ಲಿ, ಎರಡು ಬಾಕ್ಸು ಅಡ್ಡ ತಿರುಗಿಸಿ, ಮತ್ತೆ 8 ಕೂರುತ್ತೆ. ಅವರ ಮಟ್ಟಿಗೆ ಸಮಸ್ಯೆ ಮುಗೀತು, ಪ್ಯಾಲೆಟ್ಟಿಗೆ 32 ಬಾಕ್ಸು, ಒಟ್ಟು 8 ಪ್ಯಾಲೆಟ್, ಕಾಗದದ ಮೇಲೆ ಏನೂ ಬದಲಾಗಿಲ್ಲ.

ನಮ್ಮ ಕಡೆ ಲೆಕ್ಕ ಹಿಂಗೆ. ಹಳೇ ಪ್ಯಾಲೆಟ್ಟಿನ ಎತ್ತರ ಮರ ಸೇರಿ 110.4 ಸೆಂಟಿಮೀಟರ್, ಅಂದ್ರೆ ಒಂದು ಪ್ಯಾಲೆಟ್ 1.06 ಸಿಬಿಎಂ, ಎಂಟಕ್ಕೆ 8.48. ಹೊಸದರ ಎತ್ತರ 118.4, ತಳ ದೊಡ್ಡದು, ಒಂದಕ್ಕೆ 1.42 ಸಿಬಿಎಂ, ಎಂಟಕ್ಕೆ 11.37. ಬಾಕ್ಸು ಬೆಳೆದಿದ್ದು 21 ಪರ್ಸೆಂಟ್, ಪ್ಯಾಲೆಟ್ ತಿನ್ನೋ ಜಾಗ ಬೆಳೆದಿದ್ದು 34 ಪರ್ಸೆಂಟ್. ಎಲ್‌ಸಿಎಲ್ಲಲ್ಲಿ 1 ಸಿಬಿಎಂ ಅಂದ್ರೆ 1000 ಕೇಜಿ ಅಂತ ಹಿಡಿದು, ಜಾಗ ತೂಕ ಇವೆರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಚಾರ್ಜು. ನಮ್ಮದು 3 ಟನ್ನು ತೂಕ, ಹಂಗಾಗಿ ಯಾವಾಗಲೂ ಜಾಗದ ಮೇಲೇ ಬಿಲ್ಲು. ಕಬ್ಬಿಣದ ಕಾಸ್ಟಿಂಗ್ ತರಿಸೋರಿಗೆ ಇದೇ ಬದಲಾವಣೆ ಆಗಿದ್ರೆ ಒಂದು ರೂಪಾಯಿನೂ ಹೆಚ್ಚಾಗ್ತಿರಲಿಲ್ಲ, ಅವರು ತೂಕದ ಮೇಲೆ ಕಟ್ಟೋರು. ಅದಕ್ಕೇ ಪ್ಯಾಕಿಂಗ್ ಬದಲಾಯ್ತು ಅಂದ ತಕ್ಷಣ ಗಲಾಟೆ ಶುರು ಮಾಡೋದಕ್ಕಿಂತ ಮುಂಚೆ ನಮ್ಮ ಮಾಲಿನ ಬಿಲ್ಲು ಯಾವುದರ ಮೇಲೆ ಆಗುತ್ತೆ ಅಂತ ನೋಡ್ಕೋಬೇಕು.

ಈ ಅಳತೆ ಹಿಡ್ಕೊಂಡು ಅಂಧೇರಿಯ ನಮ್ಮ ಫಾರ್ವರ್ಡರಿಗೆ ಫೋನ್ ಮಾಡಿದೆ. ಅಲ್ಲಿ ನಮ್ಮ ಫೈಲ್ ನೋಡೋರು ಉಡುಪಿ ಕಡೆಯವರು, ಮುಂಬೈಗೆ ಬಂದು ಬಹಳ ವರ್ಷ ಆಯ್ತು, ಈ ಕೆಲಸದಲ್ಲಿ ನುರಿತವರು. ಅವರು ನಮಗೆ ಕೊಟ್ಟಿದ್ದ ಹಳೇ ಕೊಟೇಶನಲ್ಲಿ "8 ಪ್ಯಾಲೆಟ್, 120×80×110, ಸ್ಟ್ಯಾಕೆಬಲ್" ಅಂತ ಸ್ಪಷ್ಟ ಬರೆದಿದ್ರು. ಕೆಲವು ಕಡೆ ಬರೀ "8 ಪ್ಯಾಲೆಟ್ ಲಮ್ಸಮ್" ಅಂತ ಬರೀತಾರೆ, ಆಮೇಲೆ ಅಳತೆ ಬದಲಾದಾಗ ಯಾರು ಏನು ಒಪ್ಪಿದ್ರು ಅಂತ ಜಗಳ. ಅವರು ಅಳತೆ ಕೇಳಿ ಮೊದಲು ಕೇಳಿದ ಪ್ರಶ್ನೆ ರೇಟಿನದ್ದಲ್ಲ.

"ಮೇಡಂ, ಮೇಲೆ ಕೋನ್ ಉಂಟಾ? ಫೋಟೋ ಕಳಿಸಿ ಒಮ್ಮೆ."

ಫೋಟೋದಲ್ಲಿ ಕೋನ್ ಇತ್ತು. ಪ್ಯಾಲೆಟ್ಟಿನ ತಲೆ ಮೇಲೆ ರಟ್ಟಿನ ಚೂಪು ಟೋಪಿ, ಮೇಲೆ ಏನೂ ಇಡಬೇಡಿ ಅಂತ ಬರೆದಿದ್ದು.

"ಹಾಗಾದ್ರೆ ಇದು ನಾನ್ ಸ್ಟ್ಯಾಕೆಬಲ್ ಆಯ್ತು ಮಾರಾಯ್ರೆ. ಮೇಲಿನ ಜಾಗ ನಾವು ಬೇರೆಯವರಿಗೆ ಮಾರ್ಲಿಕ್ಕೆ ಆಗುದಿಲ್ಲ, ಅದಕ್ಕೂ ನೀವೇ ಕೊಡ್ಬೇಕಾಗ್ತದೆ."

ಇದು ಬಹಳ ಜನಕ್ಕೆ ಗೊತ್ತಿರದ ವಿಷಯ, ಆದ್ರೆ ದುಡ್ಡು ಹೋಗೋದು ಇಲ್ಲೇ ಜಾಸ್ತಿ. ನಮ್ಮ ಪ್ಯಾಲೆಟ್ ಮೇಲೆ ಬೇರೆ ಮಾಲು ಇಡೋ ಹಾಗಿಲ್ಲ ಅಂದ್ರೆ ಎಲ್ಲರ ಮಾಲನ್ನ ಒಂದೇ ಕಂಟೇನರಿಗೆ ತುಂಬಿಸೋ ಕನ್ಸಾಲಿಡೇಟರ್ ಕಂಟೇನರಿನ ಚಾವಣಿವರೆಗಿನ ಜಾಗವನ್ನ ನಮ್ಮ ಲೆಕ್ಕಕ್ಕೆ ಹಾಕಬಹುದು. ಅವರು 2.2 ಮೀಟರ್ ಎತ್ತರ ಹಿಡಿದು ಲೆಕ್ಕ ಕೊಟ್ರು, ಒಂದು ಪ್ಯಾಲೆಟ್ 2.64 ಸಿಬಿಎಂ, ಎಂಟಕ್ಕೆ 21.12. ನಮ್ಮ ರೂಟಲ್ಲಿ ಸಿಬಿಎಂ ಮೇಲೆ ಬೀಳೋ ಚಾರ್ಜೆಲ್ಲ ಸೇರಿ ಆಗ 6500 ರೂಪಾಯಿ ನಡೀತಿತ್ತು (ಬಿಎಲ್, ಅಂದ್ರೆ ಹಡಗಿನ ಸಾಗಣೆ ಕಾಗದಕ್ಕೆ ಇಷ್ಟು ಅಂತ ಇರೋ ಡಾಕ್ಯುಮೆಂಟ್ ಚಾರ್ಜು ಹೇಗೂ ಬದಲಾಗಲ್ಲ, ಅದನ್ನ ಇಲ್ಲಿ ಬಿಟ್ಟಿದೀನಿ). ಹಳೇ ಪ್ಯಾಕಿಂಗಿಗೆ 55,112. ಹೊಸ ಪ್ಯಾಲೆಟ್, ಮೇಲೆ ಇಡಬಹುದು ಅಂತಾದ್ರೆ 73,882. ಕೋನ್ ಇದ್ರೆ 1,37,280. ಆ ದುಡ್ಡಿಗೆ 20 ಅಡಿ ಕಂಟೇನರ್ ಪೂರ್ತಿ ತಗೊಳ್ಳೋದರ ಬಗ್ಗೆನೇ ಯೋಚನೆ ಮಾಡಬಹುದು ಅಂದ್ರು ಅವರು, ಹೇಗೂ ಅದರಲ್ಲಿ 1200×1000ರ 10 ಪ್ಯಾಲೆಟ್ ನೆಲದ ಮೇಲೇ ಕೂರುತ್ತೆ.

ನಾನು ಅವರ ಹತ್ರ ಎರಡೂ ರೀತಿಗೆ ಬೇರೆ ಬೇರೆ ಕೊಟೇಶನ್ ಬರೆಸ್ಕೊಂಡೆ, ಸ್ಟ್ಯಾಕೆಬಲ್ ಒಂದು, ನಾನ್ ಸ್ಟ್ಯಾಕೆಬಲ್ ಒಂದು, ಎರಡರಲ್ಲೂ ಅಳತೆ, ವ್ಯಾಲಿಡಿಟಿ ತಾರೀಕು ಬರೆದಿರಬೇಕು ಅಂತ ಹೇಳಿ. ಮತ್ತೆ ಹಳೇ ರೇಟಲ್ಲೇ ಲೆಕ್ಕ ಹಾಕಿ ಅಂತ ಕೇಳ್ಕೊಂಡೆ, ಅದೇ ಅವಧಿಯಲ್ಲಿ ಮಾರ್ಕೆಟ್ ರೇಟೂ ಏರಿಳಿದಿದ್ರೆ ಪ್ಯಾಕಿಂಗಿಂದ ಎಷ್ಟು ಜಾಸ್ತಿ ಆಯ್ತು, ಮಾರ್ಕೆಟ್ಟಿಂದ ಎಷ್ಟು ಅಂತ ಬಿಡಿಸೋಕಾಗಲ್ಲ, ಸಪ್ಲೈಯರ್ ಅದನ್ನೇ ಹಿಡ್ಕೊಂಡು ಬಾಡಿಗೆ ಏರಿದ್ದಕ್ಕೆ ನಾವೇನು ಮಾಡೋಣ ಅಂತಾರೆ. ವ್ಯತ್ಯಾಸದಲ್ಲಿ ಜಾಗದ್ದು ಮಾತ್ರ ಉಳೀಬೇಕು.

ಬಂದರಿನಿಂದ ಈಚೆಗೂ ಖರ್ಚಿದೆ. ನಾವು ನಾವಾ ಶೇವಾದಲ್ಲಿ ಕಂಟೇನರ್ ಬಿಚ್ಚಿ ಮಾಲು ಇಳಿಸಿಡೋ ಜಾಗ, ಅಂದ್ರೆ ಸಿಎಫ್‌ಎಸ್‌ನಿಂದ ಭೋಸರಿಗೆ 17 ಅಡಿ ಗಾಡಿ ಕರೆಸ್ತೀವಿ, ಅದರ ಅಗಲ 6 ಅಡಿ, ಅಂದ್ರೆ 183 ಸೆಂಟಿಮೀಟರ್. ಯೂರೋ ಪ್ಯಾಲೆಟ್ 80 ಅಗಲದ್ದು ಎರಡು ಪಕ್ಕಪಕ್ಕ ಕೂತು ಎಂಟೂ ಒಂದೇ ಗಾಡಿಲಿ ಬರ್ತಿತ್ತು. 100 ಅಗಲದ್ದು ಎರಡು ಪಕ್ಕಪಕ್ಕ ಕೂರೋದೇ ಇಲ್ಲ, ಘಾಟಲ್ಲಿ ಏರಿ ಬರೋ ಗಾಡಿಲಿ ಒಂದರ ಮೇಲೊಂದು ಹೇರೋದಕ್ಕೆ ನಾವು ಬಿಡಲ್ಲ. ಅಂದ್ರೆ 7 ಅಡಿ ಅಗಲದ 19 ಅಡಿ ಗಾಡಿ ಬೇಕು. ಸ್ಟೋರಲ್ಲಿ ವಿಜಯಪುರದ ಹುಡುಗ ಒಬ್ಬ ಇದಾನೆ, ಅವನಿಗೆ ಡ್ರಾಯಿಂಗ್ ತೋರಿಸಿದ ತಕ್ಷಣ ಟೇಪ್ ತಗೊಂಡು ರ‍್ಯಾಕಿನ ಹತ್ರ ಹೋದ.

"ಅಕ್ಕಾರ, ಒಂದು ಖಾನೆದಾಗ ಮೂರು ಕೂಡ್ತಿದ್ವು, ಇನ್ನ ಎರಡ ರಿ. ಎಂಟು ಪ್ಯಾಲೆಟ್ಟಿಗೆ ನಾಕು ಖಾನೆ ಬೇಕು."

ನಮ್ಮ ರ‍್ಯಾಕಿನ ಒಂದು ಖಾನೆ 2700 ಮಿಲಿಮೀಟರ್ ಅಗಲ, ಯೂರೋ ಪ್ಯಾಲೆಟ್ ಮೂರಕ್ಕೆ ಮಾಡಿದ್ದು. ಅವನು ಹೇಳಿದ್ದು ಸರಿ ಇತ್ತು. ಆ ಜಾಗಕ್ಕೆ ಯಾರೂ ನಮಗೆ ಬಿಲ್ ಕಳಿಸಲ್ಲ, ಅದಕ್ಕೇ ಅದು ಯಾರ ಲೆಕ್ಕಕ್ಕೂ ಬರಲ್ಲ, ಆದ್ರೆ ಸೀಸನ್ನಲ್ಲಿ ಒಂದು ಖಾನೆ ಸಿಗೋದೇ ಕಷ್ಟ ಇರೋ ನಮ್ಮಂಥ ಸ್ಟೋರಿಗೆ ಅದು ನಿಜವಾದ ಖರ್ಚು.

ಇಷ್ಟಾದ ಮೇಲೆ ಸಪ್ಲೈಯರಿಗೆ ಮೇಲ್. ಇಲ್ಲಿ ನಾನು ಒಂದು ವಿಷಯದಲ್ಲಿ ಹಟ ಹಿಡೀತೀನಿ. "ಪ್ಯಾಕಿಂಗ್ ಬದಲಾವಣೆಯಿಂದ ನಮ್ಮ ಖರ್ಚು ತುಂಬಾ ಹೆಚ್ಚಾಗಿದೆ, ದಯವಿಟ್ಟು ರೇಟ್ ಕಡಿಮೆ ಮಾಡಿ" ಅಂತ ಬರೆದ್ರೆ ಅದು ಚೌಕಾಸಿ ಆಗುತ್ತೆ, ಅವರು ಒಂದು ಪರ್ಸೆಂಟ್ ಕೊಟ್ಟು ಕೈ ತೊಳ್ಕೊತಾರೆ, ಇಲ್ಲಾ ಅದೂ ಕೊಡಲ್ಲ. ರಿವೈಸ್ಡ್ ಕೊಟೇಶನ್ ಕೇಳೋದು ಅಂದ್ರೆ ಬೇರೆ. ನಾವು ಆರ್ಡರ್ ಕೊಟ್ಟ ಕೊಟೇಶನ್ ಒಂದು ನಿರ್ದಿಷ್ಟ ಪ್ಯಾಕಿಂಗಿನ ಮೇಲೆ ನಿಂತಿತ್ತು, ಆ ಆಧಾರ ಬದಲಾಗಿದೆ, ಹೊಸ ಆಧಾರದ ಮೇಲೆ ಹೊಸದಾಗಿ ಕೊಡಿ ಅನ್ನೋದು. ಅದೃಷ್ಟಕ್ಕೆ ನಮ್ಮ ಆರ್ಡರಿನ ಹಿಂದಿನ ಕೊಟೇಶನಲ್ಲಿ ಒಂದು ಸಾಲು ಇತ್ತು, 24 ಪೀಸಿನ ಬಾಕ್ಸು 400×300×240, 32 ಬಾಕ್ಸು ಒಂದು ಯೂರೋ ಪ್ಯಾಲೆಟ್ಟಿಗೆ ಅಂತ. ಆ ಸಾಲನ್ನ ಇಮೇಲಿನ ಮೊದಲ ಪ್ಯಾರಾದಲ್ಲೇ ಹಾಗೇ ಎತ್ತಿ ಹಾಕಿದೆ.

ಆಮೇಲೆ ಹಳೇದು ಹೊಸದು ಎರಡೂ ಅಳತೆಯ ಒಂದು ಸಣ್ಣ ಟೇಬಲ್, ಸಿಬಿಎಂ, ಬಾಡಿಗೆ, ಪೀಸಿಗೆ ಬೀಳೋ ವ್ಯತ್ಯಾಸ. ಕೋನ್ ತೆಗೆದ್ರೂ 18,770 ರೂಪಾಯಿ ಹೆಚ್ಚು, 6144 ಪೀಸಿಗೆ ಹಂಚಿದ್ರೆ ಪೀಸಿಗೆ 3 ರೂಪಾಯಿ 5 ಪೈಸೆ. ಗಾಡಿ ಖರ್ಚು ಬೇರೆ ಸಾಲಲ್ಲಿ. ಮತ್ತೆ ಇಂಪೋರ್ಟಿನವರಿಗೆ ಗೊತ್ತಿರೋ ಹಾಗೆ ನಮ್ಮ ಕಸ್ಟಮ್ಸಲ್ಲಿ ಡ್ಯೂಟಿ ಹಾಕೋದು ಮಾಲಿನ ಬೆಲೆಗೆ ಬಂದರಿನವರೆಗಿನ ಬಾಡಿಗೆ, ಇನ್ಶೂರೆನ್ಸ್ ಸೇರಿಸಿ, ಹಂಗಾಗಿ ಹಡಗಿನ ಬಾಡಿಗೆ ಏರಿದ್ರೆ ಆ ಏರಿಕೆ ಮೇಲೂ ಡ್ಯೂಟಿ ಬೀಳುತ್ತೆ. ಆ ಮೊತ್ತ ಸಣ್ಣದು, ಆದ್ರೂ ಬರೆದೆ. ಫಾರ್ವರ್ಡರ್ ಕೊಟ್ಟ ಎರಡೂ ಕೊಟೇಶನ್ ಅಟ್ಯಾಚ್ ಮಾಡಿದೆ. ನನ್ನ ಲೆಕ್ಕವನ್ನ ಅವರು ನಂಬಬೇಕು ಅಂತ ನಾನು ಬಯಸಲ್ಲ, ಅವರೇ ಕೂಡಿ ನೋಡೋ ಹಾಗೆ ಇರಬೇಕು.

ಕೇಳಿದ್ದು ಎರಡು ಥರದ ಕೊಟೇಶನ್. ಒಂದು, ಈಗಿರೋ ಹೊಸ ಬಾಕ್ಸು, ದೊಡ್ಡ ಪ್ಯಾಲೆಟ್ ಹಾಗೇ ಇದ್ರೆ ನಮಗಾಗೋ ಬಾಡಿಗೆ ವ್ಯತ್ಯಾಸ ಕಳೆದು ಪೀಸಿನ ಬೆಲೆ ಎಷ್ಟು. ಇನ್ನೊಂದು, ಪಲ್ಪ್ ಟ್ರೇ ಇಟ್ಕೊಂಡೇ ಬಾಕ್ಸಿನ ತಳ 400×300ರ ಒಳಗೆ ತಂದು, ಬೇಕಿದ್ರೆ ಎತ್ತರ ಹೆಚ್ಚು ಮಾಡಿ, ಹಳೇ ಯೂರೋ ಪ್ಯಾಲೆಟ್ಟಿಗೇ ವಾಪಸ್ ಬಂದ್ರೆ ಬೆಲೆ ಎಷ್ಟು. ಎರಡರಲ್ಲೂ ತುಂಬಿದ ಪ್ಯಾಲೆಟ್ಟಿನ ಅಳತೆ, ಮೇಲೆ ಎಷ್ಟು ಕೇಜಿ ತಡೆಯುತ್ತೆ, ಯಾವ ತಾರೀಕಿನ ಪ್ರೊಡಕ್ಷನ್ನಿಂದ ಜಾರಿ ಅನ್ನೋದು ಬರೆದಿರಬೇಕು. ಮತ್ತೆ ಕೋನ್ ಯಾಕೆ ಅಂತ ಪ್ರತ್ಯೇಕವಾಗಿ ಕೇಳಿದೆ. ಉತ್ತರ ಬರೋವರೆಗೆ ಮಾಲು ಫಾರ್ವರ್ಡರಿಗೆ ಒಪ್ಪಿಸಬೇಡಿ ಅಂತಲೂ ಬರೆದೆ. ಇದಕ್ಕೆ ನಮ್ಮ ಪ್ಲಾನಿಂಗಿನವರ ಹತ್ರ ಮೊದಲೇ ಕೇಳಿ, ಒಂದು ವಾರ ಹಡಗು ತಪ್ಪಿದ್ರೂ ಲೈನ್ ನಿಲ್ಲಲ್ಲ ಅಂತ ಖಚಿತ ಮಾಡ್ಕೊಂಡಿದ್ದೆ. ಸ್ಟಾಕ್ ಇಲ್ಲದಾಗ ಈ ಸಾಲು ಬರೆಯೋ ಧೈರ್ಯ ಯಾರಿಗೂ ಬರಲ್ಲ, ಸಪ್ಲೈಯರಿಗೂ ಅದು ಗೊತ್ತಿರುತ್ತೆ.

ಮೊದಲ ಉತ್ತರ ಆ ಕಡೆಯ ಸೇಲ್ಸ್ ಹೆಣ್ಣುಮಗಳಿಂದ, ಒಂದೇ ಸಾಲು, ಬೆಲೆಯಲ್ಲಿ ಬದಲಾವಣೆ ಇಲ್ಲ, ಫ್ರೇಟ್ ನಿಮ್ಮ ಖಾತೆ ಅಂತ. ಟರ್ಮಿನ ಪ್ರಕಾರ ಅವಳು ಹೇಳಿದ್ದು ಸರಿನೇ. ಅದಕ್ಕೆ ನಾನು ಜಗಳ ಆಡಲಿಲ್ಲ, ಕಾಲ್ ಇಟ್ಕೊಂಡೆ, ಅವರ ಪ್ಯಾಕಿಂಗ್ ಇಂಜಿನಿಯರನ್ನೂ ಕರೀರಿ ಅಂದೆ. ಈ ಥರದ ವಿಷಯ ಸೇಲ್ಸಿನವರ ಜೊತೆ ಮಾತಾಡಿದ್ರೆ ಬೆಲೆಯ ಸುತ್ತಲೇ ಸುತ್ತುತ್ತೆ, ಬಾಕ್ಸ್ ಡಿಸೈನ್ ಮಾಡಿದವರ ಜೊತೆ ಮಾತಾಡಿದ್ರೆ ಮಿಲಿಮೀಟರಿಗೆ ಬರುತ್ತೆ.

ಆ ಇಂಜಿನಿಯರ್ ಬಹಳ ನೇರ ಮನುಷ್ಯ. ಕೋನ್ ಯಾಕೆ ಅಂದಿದ್ದಕ್ಕೆ ವಿವರವಾಗಿ ಹೇಳಿದ್ರು. ರಟ್ಟಿನ ಬಾಕ್ಸಿನ ಬಲ ಇರೋದು ಅದರ ನಾಲ್ಕು ಮೂಲೆಯಲ್ಲಿ. ಹಳೇ ಜೋಡಣೆಯಲ್ಲಿ ಮೂಲೆ ಮೇಲೆ ಮೂಲೆ ನೇರ ಕೂರ್ತಿತ್ತು, ಭಾರ ಕಂಬದ ಹಾಗೆ ಕೆಳಗೆ ಇಳೀತಿತ್ತು. ಹೊಸ ಜೋಡಣೆಯಲ್ಲಿ ಬಾಕ್ಸು ಜಾರಬಾರದು ಅಂತ ಒಂದು ಪದರ ಬಿಟ್ಟು ಒಂದು ಪದರ ತಿರುಗಿಸಿ ಇಡ್ತಾರೆ, ಆಗ ಮೇಲಿನ ಮೂಲೆ ಕೆಳಗಿನ ಬಾಕ್ಸಿನ ಮುಚ್ಚಳದ ಮಧ್ಯೆ ಬಂದು ಕೂರುತ್ತೆ, ತಡೆಯೋ ಶಕ್ತಿ ತುಂಬಾ ಇಳಿಯುತ್ತೆ. ಟೆಸ್ಟ್ ಮಾಡೋಕೆ ಟೈಮ್ ಇರಲಿಲ್ಲ, ಮುಂಜಾಗ್ರತೆಗೆ ಕೋನ್ ಹಾಕಿದ್ರು. ಆ ಒಂದು ರಟ್ಟಿನ ಟೋಪಿಯಿಂದ ನಮಗೆ 63 ಸಾವಿರ ರೂಪಾಯಿ ಬೀಳುತ್ತೆ ಅಂತ ಟೇಬಲ್ ತೋರಿಸಿದಾಗ ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿದ್ರು, ಈ ಲೆಕ್ಕ ಯಾರೂ ತನಗೆ ತೋರಿಸಿರಲಿಲ್ಲ ಅಂದ್ರು. ಪದರ ತಿರುಗಿಸದೆ ಎಲ್ಲಾ ಪದರವನ್ನೂ ಒಂದೇ ಥರ ಇಟ್ಟು, ಮೂಲೆಗೆ ಎತ್ತರದ ರಟ್ಟಿನ ಆಂಗಲ್ ಕೊಟ್ಟು, ಬೆಲ್ಟ್ ಬಿಗಿದು ಸ್ಟ್ರೆಚ್ ಫಿಲ್ಮ್ ಸುತ್ತಿದ್ರೆ ಜಾರೋದೂ ಇಲ್ಲ, ಭಾರಾನೂ ತಡೆಯುತ್ತೆ ಅನ್ನೋದು ಅವರದೇ ಸಲಹೆ. ಅದನ್ನ ಟೆಸ್ಟ್ ಮಾಡಿ, ಮೇಲೆ ಇನ್ನೊಂದು ಪ್ಯಾಲೆಟ್ ತಡೆಯುತ್ತೆ ಅಂತ ಬರೆದು ಕೊಟ್ರು. ಈ ಲಾಟು ಕೋನ್ ಇಲ್ಲದೆ ಹೊರಟಿತು, 11.37 ಸಿಬಿಎಂ, ಅದರ ಬಾಡಿಗೆ ವ್ಯತ್ಯಾಸದಲ್ಲಿ ಅರ್ಧವನ್ನ ಕ್ರೆಡಿಟ್ ನೋಟಾಗಿ ಕೊಡೋಕೆ ಒಪ್ಪಿದ್ರು. ಪೂರ್ತಿ ಸಿಗಬೇಕಿತ್ತು ಅಂತ ನಮ್ಮ ಮ್ಯಾನೇಜರ್ ಅಂದ್ರು. ಎಫ್‌ಸಿಎ ಟರ್ಮಲ್ಲಿ ಅರ್ಧ ಸಿಕ್ಕಿದ್ದು ನ್ಯಾಯವೇ ಅಂತ ನನಗನ್ನಿಸುತ್ತೆ, ನೋಟಿಸ್ ಕೊಡದೆ ಬದಲಿಸಿದ್ದು ಅವರ ಕಡೆಯದು, ಬಾಡಿಗೆ ಹೊರೋದು ನಮ್ಮ ಕಡೆಯದು.

ರಿವೈಸ್ಡ್ ಕೊಟೇಶನ್ ಬಂದಿದ್ದು ಅದಾದ ಸ್ವಲ್ಪ ದಿನಕ್ಕೆ. ಎರಡನೇ ದಾರಿ ಸಾಧ್ಯ ಇತ್ತು. ಟ್ರೇಯ ಗುಳಿಗಳನ್ನ ಬೇರೆ ಥರ ಜೋಡಿಸಿ, ಬಾಕ್ಸಿನ ತಳ ಮತ್ತೆ 400×300, ಎತ್ತರ ಮಾತ್ರ 280. ಹೊಸ ಅಚ್ಚಿನ ಖರ್ಚಿಗೆ ಪೀಸಿಗೆ ನಮ್ಮ ದುಡ್ಡಲ್ಲಿ ಹತ್ತತ್ರ ಒಂದು ರೂಪಾಯಿ ಹೆಚ್ಚು. ಪ್ಯಾಲೆಟ್ ಎತ್ತರ 126.4 ಆಗುತ್ತೆ, ಎಂಟಕ್ಕೆ 9.71 ಸಿಬಿಎಂ, ಹಳೇದಕ್ಕಿಂತ ಬಾಡಿಗೆ ಪೀಸಿಗೆ 1 ರೂಪಾಯಿ 30 ಪೈಸೆ ಹೆಚ್ಚು. ಎರಡೂ ಸೇರಿದ್ರೆ 2 ರೂಪಾಯಿ 30 ಪೈಸೆ. ಬರೀ ಬಾಡಿಗೆ ನೋಡಿದ್ರೆ 3.05ಕ್ಕೂ 2.30ಕ್ಕೂ ದೊಡ್ಡ ಫರಕೇನಲ್ಲ, ಮೀಟಿಂಗಲ್ಲೂ ಕೆಲವರು ಇಷ್ಟಕ್ಕೆ ಯಾಕೆ ಅಚ್ಚು ಬದಲಿಸ್ಬೇಕು ಅಂದ್ರು. ನಾನು 2.30ಕ್ಕೇ ಹೋಗೋಣ ಅಂದೆ. ಅದರಲ್ಲಿ ಹಳೇ 17 ಅಡಿ ಗಾಡಿನೇ ಸಾಕು, ರ‍್ಯಾಕಲ್ಲಿ ಒಂದು ಖಾನೆಗೆ ಮೂರು ಪ್ಯಾಲೆಟ್ ಮತ್ತೆ ಕೂರುತ್ತೆ, ಎತ್ತರಕ್ಕೆ ಬೀಮನ್ನ ಮೇಲಿನ ತೂತಿಗೆ ಏರಿಸಿ ಸಿಗಿಸಿದ್ರೆ ಆಯ್ತು. ಮೂಲೆ ಮೇಲೆ ಮೂಲೆ ಕೂರೋದ್ರಿಂದ ಕೋನಿನ ಪ್ರಶ್ನೆ ಮತ್ತೆ ಏಳಲ್ಲ. ಪೀಸಿನ ಬೆಲೆ ಹೆಚ್ಚಾದ ಕೊಟೇಶನ್ನಿಗೆ ಪರ್ಚೇಸಿನವರು ಸಹಿ ಹಾಕೋದು ಅಪರೂಪ, ಆದ್ರೆ ಇದರಲ್ಲಿ ಗೇಟಿಗೆ ಬಂದಾಗಿನ ಖರ್ಚು ಕಡಿಮೆ.

ಈಗ ನಮ್ಮ ಆರ್ಡರಿನ ಜೊತೆ ಒಂದು ಪುಟದ ಪ್ಯಾಕಿಂಗ್ ಶೀಟ್ ಹೋಗುತ್ತೆ, ಬಾಕ್ಸಿನ ಹೊರ ಅಳತೆ, ಪದರಕ್ಕೆ ಎಷ್ಟು, ಪ್ಯಾಲೆಟ್ ಸೈಜು, ತುಂಬಿದ ಎತ್ತರ, ಸ್ಟ್ಯಾಕೆಬಲ್ ಅನ್ನೋದು, ಇವುಗಳಲ್ಲಿ ಯಾವುದನ್ನೇ ಬದಲಿಸೋದಿದ್ರೂ 60 ದಿನ ಮೊದಲು ಹೇಳಬೇಕು ಅನ್ನೋದು. ಸಪ್ಲೈಯರ್ ಸಹಿ ಹಾಕಿ ಕಳಿಸಿದಾರೆ.

ಬಾಕಿ ಇರೋದು ಮಳೆಗಾಲದ ಪ್ರಶ್ನೆ. ಥರ್ಮಾಕೋಲ್ ನೀರು ಕುಡೀತಿರಲಿಲ್ಲ, ಪಲ್ಪ್ ಟ್ರೇ ಕುಡಿಯುತ್ತೆ, ಹೊರಗಿನ ರಟ್ಟೂ ತೇವಕ್ಕೆ ಮೆತ್ತಗಾಗುತ್ತೆ. ಜರ್ಮನಿಯ ಒಣ ಗೋಡೌನಲ್ಲಿ ಮಾಡಿದ ಟೆಸ್ಟಲ್ಲಿ ಮೇಲೆ ಒಂದು ಪ್ಯಾಲೆಟ್ ತಡೆದಿದೆ, ಜುಲೈನಲ್ಲಿ ಉರಣ ಕಡೆಯ ಸಿಎಫ್‌ಎಸ್ ಶೆಡ್ಡಲ್ಲಿ ವಾರಗಟ್ಟಲೆ ನಿಂತ ಮೇಲೂ ತಡೆಯುತ್ತೆ ಅಂತ ಅದರಿಂದ ಹೇಳೋಕಾಗಲ್ಲ. ಹೆಚ್ಚು ತೇವದಲ್ಲಿ ಅದೇ ಟೆಸ್ಟ್ ಮತ್ತೆ ಮಾಡಿ ಅಂತ ಕೇಳಿದೀನಿ, ಇಂಜಿನಿಯರ್ ಒಪ್ಪಿದಾರೆ, ರಿಪೋರ್ಟ್ ಇನ್ನೂ ಬಂದಿಲ್ಲ. ಅದರಲ್ಲಿ ಫೇಲಾದ್ರೆ ಜೂನಿಂದ ಸೆಪ್ಟೆಂಬರ್‌ವರೆಗಿನ ಲಾಟಿಗೆ ಮಾತ್ರ ಇನ್ನೂ ಗಟ್ಟಿ ರಟ್ಟಿನ ಬಾಕ್ಸಿಗೆ ಬೇರೆ ಕೊಟೇಶನ್ ಕೇಳಬೇಕಾಗುತ್ತೆ, ಅದಕ್ಕೆ ಬೇಕಾದ ಟೇಬಲ್ ಅಂತೂ ಈಗಲೇ ತಯಾರಿದೆ, ಎತ್ತರದ ಕಾಲಮ್ ಒಂದು ಖಾಲಿ ಇದೆ.